ಲಾಗ್ ಗ್ರಾಫ್‌ನಲ್ಲಿ ಅಸಿಂಪ್ಟೋಟ್ ಎಲ್ಲಿ ಬರುತ್ತದೆ, ಶಿಫ್ಟ್ ಯಾವಾಗ ಮಾಡಬೇಕು?

ಪ್ರಶ್ನೆ: y = 4 − 2 log₂(6 − 2x) ಗ್ರಾಫ್ ಬಿಡಿಸಬೇಕು. ಶಿಫ್ಟ್, ಸ್ಟ್ರೆಚ್, ರಿಫ್ಲೆಕ್ಷನ್ ಒಂದೊಂದಾಗಿ ಕೊಟ್ಟರೆ ಮಾಡ್ತೀನಿ. ಎಲ್ಲ ಒಟ್ಟಿಗೆ ಬಂದರೆ ತಲೆ ಕೆಡುತ್ತೆ. ಒಂದು ಸಲ ಅಸಿಂಪ್ಟೋಟ್ x = 6 ಬಂತು, ಇನ್ನೊಂದು ಸಲ x = −6 ಬಂತು. ಯಾವುದು ಸರಿ? ಯಾವುದನ್ನು ಮೊದಲು ಮಾಡಬೇಕು?

ಉತ್ತರ:

ಎರಡೂ ಸರಿಯಲ್ಲ. ಅಸಿಂಪ್ಟೋಟ್ ಇರುವುದು x = 3ರಲ್ಲಿ. ಅದನ್ನು ಕಂಡುಹಿಡಿಯಲು ಯಾವುದು ಮೊದಲು, ಯಾವುದು ಆಮೇಲೆ ಎಂದು ಯೋಚಿಸುವ ಅಗತ್ಯವೇ ಇಲ್ಲ. ಲಾಗ್‌ನ ಬ್ರಾಕೆಟ್ ಒಳಗೆ ಇರುವುದನ್ನು ಸೊನ್ನೆಗೆ ಸಮ ಮಾಡಿ:

6 − 2x = 0, ಅಂದರೆ x = 3.

ಇಷ್ಟೇ ಸಾಕು. ಏಕೆ ಸಾಕು ಅಂತ ನೋಡೋಣ. ಲಾಗ್‌ಗೆ ಕೊಡುವ ಸಂಖ್ಯೆ ಸೊನ್ನೆಗಿಂತ ದೊಡ್ಡದಿರಲೇಬೇಕು. ಅದು ಸೊನ್ನೆಯ ಹತ್ತಿರ ಬಂದಷ್ಟೂ ಲಾಗ್ ಕೆಳಗೆ ಇಳಿಯುತ್ತಾ ಹೋಗುತ್ತದೆ. log₂(1/2) ಎಂದರೆ −1, log₂(1/4) ಎಂದರೆ −2, log₂(1/1024) ಎಂದರೆ −10. ಈ ಇಳಿತಕ್ಕೆ ತಳ ಇಲ್ಲ. ಹಾಗಾಗಿ ಒಳಗಿನ ಸಂಖ್ಯೆ ಯಾವ x ಬಳಿ ಸೊನ್ನೆಯಾಗುತ್ತದೋ ಅಲ್ಲೇ ಲಂಬ ಅಸಿಂಪ್ಟೋಟ್. ಹೊರಗಿರುವ −2 ಮತ್ತು 4 ಲಾಗ್ ಕೊಟ್ಟ ಉತ್ತರವನ್ನು, ಅಂದರೆ ಎತ್ತರವನ್ನು ಮಾತ್ರ ಬದಲಿಸುತ್ತವೆ. ಎತ್ತರ ಬದಲಾದರೆ ನೇರ ನಿಂತಿರುವ ಗೆರೆ ಪಕ್ಕಕ್ಕೆ ಸರಿಯುವುದಿಲ್ಲ ಅಲ್ವಾ? ಅಸಿಂಪ್ಟೋಟ್ ಹುಡುಕುವಾಗ ಆ ಎರಡನ್ನೂ ನೋಡಲೇಬೇಡಿ.

ಗೆರೆ ಸಿಕ್ಕಿತು. ಗ್ರಾಫ್ ಅದರ ಯಾವ ಪಕ್ಕದಲ್ಲಿದೆ? 6 − 2x > 0 ಆಗಬೇಕು, ಅಂದರೆ x < 3. ಎಡಗಡೆ ಮಾತ್ರ. ನಾನು ಬಿಡಿಸುವಾಗ ಮೊದಲು x = 3ರಲ್ಲಿ ಚುಕ್ಕೆ ಗೆರೆ ಎಳೆದು, ಅದರ ಬಲಗಡೆ ದೊಡ್ಡದಾಗಿ ಒಂದು ಅಡ್ಡ ಗೀಟು ಹಾಕಿಬಿಡುತ್ತೇನೆ. ಆಮೇಲೆ ಕೈ ಆ ಕಡೆ ಹೋಗುವುದಿಲ್ಲ.

ಈಗ ಬಿಂದುಗಳು. ಇಲ್ಲಿ ಹೆಚ್ಚಿನವರು x = 0, 1, 2 ಅಂತ ಸುಮ್ನೆ ಹಾಕುತ್ತಾ ಹೋಗುತ್ತಾರೆ. x = 0 ಹಾಕಿದರೆ log₂ 6 ಬರುತ್ತದೆ, ಕ್ಯಾಲ್ಕುಲೇಟರ್ ಬೇಕಾಗುತ್ತದೆ. ಬದಲಿಗೆ ಹಿಂದಿನಿಂದ ಬನ್ನಿ. ಒಳಗಿನ ಸಂಖ್ಯೆ 1, 2, 4, 8 ಆಗಬೇಕು ಎಂದು ನೀವೇ ತೀರ್ಮಾನಿಸಿ, ಅದಕ್ಕೆ ತಕ್ಕ x ಕಂಡುಹಿಡಿಯಿರಿ. ಬೇಸ್ 2 ಇರುವುದರಿಂದ ಇವುಗಳ ಲಾಗ್ 0, 1, 2, 3 ಎಂದು ಬಾಯಲ್ಲೇ ಬರುತ್ತದೆ.

6 − 2x = 1 ಆದರೆ x = 2.5. ಲಾಗ್ 0, ಆದ್ದರಿಂದ y = 4.
6 − 2x = 2 ಆದರೆ x = 2. ಲಾಗ್ 1, ಆದ್ದರಿಂದ y = 2.
6 − 2x = 4 ಆದರೆ x = 1. ಲಾಗ್ 2, ಆದ್ದರಿಂದ y = 0.
6 − 2x = 8 ಆದರೆ x = −1. ಲಾಗ್ 3, ಆದ್ದರಿಂದ y = −2.

ಗೆರೆಯ ಹತ್ತಿರ ಒಂದು ಬಿಂದು ಇರಲಿ: ಒಳಗೆ 1/2 ಆದರೆ x = 2.75, ಲಾಗ್ −1, y = 6. ಐದು ಬಿಂದು ಸಾಕು. x-ಅಕ್ಷವನ್ನು (1, 0)ರಲ್ಲಿ ದಾಟುವುದು ತಾನಾಗೇ ಸಿಕ್ಕಿತು. y-ಅಕ್ಷವನ್ನು ದಾಟುವ ಜಾಗ ಬೇಕೆಂದರೆ ಆಗ ಕ್ಯಾಲ್ಕುಲೇಟರ್ ತೆಗೆಯಿರಿ: 4 − 2 log₂ 6, ಅಂದರೆ ಸುಮಾರು −1.17.

ಆಕಾರವನ್ನೂ ಒಮ್ಮೆ ತಾಳೆ ನೋಡಿ. x ಎಡಗಡೆಯಿಂದ 3ರ ಹತ್ತಿರ ಬಂದಾಗ ಲಾಗ್ ಕೆಳಗೆ ಧುಮುಕುತ್ತದೆ. ಅದನ್ನು −2ರಿಂದ ಗುಣಿಸಿದ್ದೇವೆ, ಹಾಗಾಗಿ y ಮೇಲಕ್ಕೆ ಹಾರುತ್ತದೆ. ಎಡಕ್ಕೆ ಹೋದಷ್ಟೂ y ನಿಧಾನವಾಗಿ ಇಳಿಯುತ್ತದೆ. ನಿಮ್ಮ ಚಿತ್ರದಲ್ಲಿ ಗೆರೆಯ ಪಕ್ಕ ಕರ್ವ್ ಕೆಳಗೆ ಹೋಗುತ್ತಿದ್ದರೆ ಹೊರಗಿನ ಮೈನಸ್ ಬಿಟ್ಟುಹೋಗಿದೆ ಎಂದರ್ಥ. ಗೆರೆಯ ಬಲಗಡೆ ಕರ್ವ್ ಇದ್ದರೆ ಒಳಗಿನ ಮೈನಸ್ ಬಿಟ್ಟುಹೋಗಿದೆ.

ಈಗ ನಿಮ್ಮ 6 ಮತ್ತು −6 ಎಲ್ಲಿಂದ ಬಂದವು ಎಂಬುದಕ್ಕೆ ಬರೋಣ. log₂ x ನಿಂದ ಶುರು ಮಾಡಿ, ಮೊದಲು ಅಡ್ಡಕ್ಕೆ ಅರ್ಧದಷ್ಟು ಕುಗ್ಗಿಸಿ, y-ಅಕ್ಷದಲ್ಲಿ ಮಗುಚಿದಿರಿ ಅಂದುಕೊಳ್ಳೋಣ. ಆಗ ಸಿಗುವುದು log₂(−2x). ಕೊನೆಗೆ ಸೂತ್ರದಲ್ಲಿ 6 ಕಾಣುತ್ತಿದೆ ಎಂದು ಬಲಕ್ಕೆ 6 ಸರಿಸಿದರೆ log₂(−2(x − 6)) ಬರುತ್ತದೆ. ಬಿಡಿಸಿದರೆ log₂(12 − 2x). ಅಸಿಂಪ್ಟೋಟ್ 6. ಪ್ಲಸ್ ಇದ್ದರೆ ಎಡಕ್ಕೆ ಎಂಬ ನಿಯಮ ನೆನಪಾಗಿ ಎಡಕ್ಕೆ 6 ಸರಿಸಿದರೆ log₂(−2(x + 6)), ಅಂದರೆ log₂(−12 − 2x). ಅಸಿಂಪ್ಟೋಟ್ −6. ಎರಡೂ ಬೇರೆ ಗ್ರಾಫ್‌ಗಳು, ನಿಮಗೆ ಕೊಟ್ಟದ್ದಲ್ಲ. ಸರಿಸುವುದು ಎಂದರೆ x ಒಂದನ್ನೇ x − h ಮಾಡುವುದು. ಅದರ ಮುಂದೆ ಇರುವ −2 ಆ h ಅನ್ನೂ ಗುಣಿಸಿಬಿಡುತ್ತದೆ. ತೊಂದರೆಯೆಲ್ಲ ಅಲ್ಲೇ.

ಸರಿಯಾದ ದಾರಿ ಎರಡಿವೆ. ಮೊದಲನೆಯದು, ಸೂತ್ರದಲ್ಲಿ ಇದ್ದ ಹಾಗೇ ಹೋಗುವುದು, ಆದರೆ ಶಿಫ್ಟ್ ಮೊದಲು. log₂(x + 6): ಎಡಕ್ಕೆ 6, ಅಸಿಂಪ್ಟೋಟ್ −6. ಆಮೇಲೆ x ಜಾಗದಲ್ಲಿ 2x ಹಾಕಿ: ಎಲ್ಲ x ಬೆಲೆಗಳೂ ಅರ್ಧವಾಗುತ್ತವೆ, ಅಸಿಂಪ್ಟೋಟ್ ಕೂಡ, −3 ಆಯಿತು. ಆಮೇಲೆ x ಜಾಗದಲ್ಲಿ −x ಹಾಕಿ: ಮಗುಚಿಕೊಂಡು 3 ಆಯಿತು. ಸರಿ ಬಂತು, ಆದರೆ ಗೆರೆ ಮೂರು ಸಲ ಜಾಗ ಬದಲಿಸಿತು.

ಎರಡನೆಯದು ನನಗೆ ಇಷ್ಟ. ಮೊದಲು x ಮುಂದಿನ ಸಂಖ್ಯೆಯನ್ನು ಹೊರಗೆಳೆಯಿರಿ: 6 − 2x = −2(x − 3). ಈಗ ಕುಗ್ಗಿಸುವುದು, ಮಗುಚುವುದು ಎರಡೂ ಮುಗಿಯುವವರೆಗೆ ಅಸಿಂಪ್ಟೋಟ್ x = 0ರಲ್ಲೇ ಕೂತಿರುತ್ತದೆ. ಕೊನೆಗೆ ಬಲಕ್ಕೆ 3. ಒಂದೇ ಸಲ ಸರಿಯುತ್ತದೆ, ತಪ್ಪಲು ಜಾಗ ಕಡಿಮೆ.

ಹೊರಗಿನ ಕೆಲಸಗಳಲ್ಲೂ ಕ್ರಮ ಇದೆ, ಆದರೆ ಅದು ನೇರ: ಮೊದಲು ಲಾಗ್ ಅನ್ನು −2ರಿಂದ ಗುಣಿಸಿ, ಆಮೇಲೆ 4 ಕೂಡಿಸಿ. ಲೆಕ್ಕ ಮಾಡುವಾಗ ಹೇಗೋ ಹಾಗೆ.

ಲಾಗ್‌ಗೆ ಮಾತ್ರ ಇರುವ ಒಂದು ಅನುಕೂಲ ಹೇಳುತ್ತೇನೆ, ಇದು ಗೊತ್ತಿದ್ದರೆ ಅಡ್ಡಕ್ಕೆ ಕುಗ್ಗಿಸುವ ತಲೆನೋವೇ ಹೋಗುತ್ತದೆ. ಗುಣಾಕಾರದ ಲಾಗ್ ಎಂದರೆ ಲಾಗ್‌ಗಳ ಮೊತ್ತ. ಹಾಗಾಗಿ

log₂(6 − 2x) = log₂(2(3 − x)) = 1 + log₂(3 − x)

ಇದನ್ನು ಹಾಕಿದರೆ y = 4 − 2 − 2 log₂(3 − x), ಅಂದರೆ

y = 2 − 2 log₂(3 − x)

ಅಡ್ಡಕ್ಕೆ ಅರ್ಧ ಕುಗ್ಗಿಸಿದ್ದು ಬರೀ ಮೇಲೆ-ಕೆಳಗೆ ಸರಿಸಿದ್ದಾಗಿ ಬದಲಾಯಿತು ನೋಡಿ. ಲಾಗ್ ಗ್ರಾಫ್‌ನಲ್ಲಿ ಅಡ್ಡ ಸ್ಟ್ರೆಚ್ ಯಾವಾಗಲೂ ಹೀಗೇ, ಮಾರುವೇಷದ ಲಂಬ ಶಿಫ್ಟ್. ಈಗ ಉಳಿದ ಕೆಲಸ ಸುಲಭ: log₂ x ಅನ್ನು y-ಅಕ್ಷದಲ್ಲಿ ಮಗುಚಿ, ಬಲಕ್ಕೆ 3 ಸರಿಸಿ, ಎತ್ತರವನ್ನು ಎರಡರಷ್ಟು ಮಾಡಿ ತಲೆಕೆಳಗೆ ಮಾಡಿ, 2 ಮೇಲೆತ್ತಿ. x = 1 ಹಾಕಿ ನೋಡಿ: 2 − 2 log₂ 2 = 0. ಮೊದಲಿನ ಬಿಂದುವೇ. ಒಂದು ಎಚ್ಚರ: ಹೀಗೆ ಬೇರ್ಪಡಿಸುವಾಗ ಎರಡೂ ಭಾಗಗಳು ಪಾಸಿಟಿವ್ ಇರಬೇಕು. −2(x − 3) ಎಂದು ಬರೆದುಕೊಂಡು log₂(−2) ಹೊರಗೆ ತರಲು ಆಗುವುದಿಲ್ಲ, ಅಂಥ ಲಾಗ್ ಇಲ್ಲ. ಮೈನಸ್ ಅನ್ನು (3 − x) ಒಳಗೇ ಬಿಡಿ.

ಫೋನ್‌ನಲ್ಲೋ ಕಂಪ್ಯೂಟರ್‌ನಲ್ಲೋ ತಾಳೆ ನೋಡುವವರಾದರೆ, ಸ್ಕ್ರೀನ್ ಮೋಸ ಮಾಡುತ್ತದೆ. ಗೆರೆಯ ಪಕ್ಕ ಕರ್ವ್ ಮೇಲೆ ಹೋಗಿ ಯಾವುದೋ ಎತ್ತರದಲ್ಲಿ ನಿಂತ ಹಾಗೆ ಕಾಣಬಹುದು. ಕಾರಣ, ಲಾಗ್ ಅನಂತಕ್ಕೆ ಹೋಗುವುದು ತೀರಾ ನಿಧಾನ. x = 2.99ರಲ್ಲಿ y ಸುಮಾರು 15.3. x = 2.999999ರಲ್ಲಿ ಕೂಡ ಸುಮಾರು 41.9 ಅಷ್ಟೇ. ಇಷ್ಟು ಹತ್ತಿರದ x ಅನ್ನು ಸ್ಕ್ರೀನಿನ ಚುಕ್ಕಿಗಳು ಬೇರೆಯಾಗಿ ತೋರಿಸಲಾರವು. ಹಾಗಾಗಿ ಕರ್ವ್‌ಗೆ ಅಲ್ಲಿ ತುದಿ ಇದೆ ಎಂದು ಚುಕ್ಕೆ ಇಡಬೇಡಿ, ಮೇಲಕ್ಕೆ ಬಾಣದ ಗುರುತು ಹಾಕಿ.

ಎಡಗಡೆಯ ಕಥೆ ಇದರ ಉಲ್ಟಾ. ಅಲ್ಲಿ ಕರ್ವ್ ಚಪ್ಪಟೆಯಾಗುತ್ತಾ ಹೋಗುವುದರಿಂದ ಅಡ್ಡ ಅಸಿಂಪ್ಟೋಟ್ ಇದೆ ಅನ್ನಿಸುತ್ತದೆ. ಇಲ್ಲ. ಒಳಗಿನ ಸಂಖ್ಯೆ ಎರಡರಷ್ಟಾದಾಗಲೆಲ್ಲ y ಇನ್ನೂ 2 ಇಳಿಯುತ್ತದೆ. −16ಕ್ಕೆ ಇಳಿಯಲು ಒಳಗೆ 1024 ಬೇಕು, ಅಂದರೆ x = −509. ದೂರ ಜಾಸ್ತಿ, ಆದರೆ ಇಳಿಯುವುದಂತೂ ನಿಲ್ಲುವುದಿಲ್ಲ.

ಕೊನೆಯದಾಗಿ, ಹೊರಗಿನ 2 ಅನ್ನು ಘಾತವಾಗಿ ಒಳಗೆ ತಳ್ಳಿ y = 4 − log₂((6 − 2x)²) ಎಂದು ಬರೆಯುವ ಆಸೆ ಬರಬಹುದು. ಗ್ರಾಫ್ ಬಿಡಿಸುವಾಗ ಹಾಗೆ ಮಾಡಬೇಡಿ. ವರ್ಗ ಮಾಡಿದ ಮೇಲೆ x = 5 ಕೂಡ ನಡೆಯುತ್ತದೆ, ಒಳಗೆ 16 ಬರುತ್ತದೆ, y = 0 ಸಿಗುತ್ತದೆ. ನಿಮ್ಮ ಮೂಲ ಸೂತ್ರದಲ್ಲಿ x = 5 ಹಾಕಿದರೆ log₂(−4) ಬರುತ್ತದೆ, ಅದಕ್ಕೆ ಬೆಲೆ ಇಲ್ಲ. ಅಸಿಂಪ್ಟೋಟ್ x = 3 ಎಂದೇ ಬರುತ್ತದೆ, ಆದರೆ ಅದರ ಬಲಗಡೆ ಇಲ್ಲದ ಇನ್ನೊಂದು ಕರ್ವ್ ಹುಟ್ಟಿಕೊಳ್ಳುತ್ತದೆ. ಹಾಗೆ ಬರೆಯಲೇಬೇಕಾದರೆ ಪಕ್ಕದಲ್ಲಿ x < 3 ಎಂದೂ ಬರೆಯಿರಿ.