ಫೀನಾಯಿಲ್ ವಾಸನೆಯಿಂದ ಏನು ತಿಳಿಯಿತು?

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕ್ಷೇತ್ರಕಾರ್ಯ ಮಾಡಿದ್ದೇನೆ. ಯಾರು ಎಷ್ಟು ಹೊತ್ತು ಕಾಯಬೇಕೆಂಬುದು ಹೇಗೆ ತೀರ್ಮಾನವಾಗುತ್ತದೆ ಎಂಬುದು ನನ್ನ ವಿಷಯ. ಸ್ಥಳದ ವರ್ಣನೆ ಓದಿದ ಮಾರ್ಗದರ್ಶಕರು ‘ಚೆನ್ನಾಗಿದೆ, ಆದರೆ ಯಾಕೆ?’ ಎಂದಿದ್ದಾರೆ. ಏನನ್ನು ಕತ್ತರಿಸಲಿ?

ಕತ್ತರಿ ಆಮೇಲೆ. ಮೊದಲು ಅಧ್ಯಾಯದ ವಾದವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ನೀವು ಕಳಿಸಿದ ಪುಟಗಳಿಂದ ನನಗೆ ಸಿಕ್ಕಿದ್ದು ಇಷ್ಟು: ಸರದಿಯನ್ನು ನಡೆಸುವುದು ಟೋಕನ್ ಸಂಖ್ಯೆಯಲ್ಲ, ಬಾಗಿಲಲ್ಲಿ ನಿಂತ ಸಹಾಯಕ. ಈಗ ವರ್ಣನೆಯ ಒಂದೊಂದು ವಿವರಕ್ಕೂ ಗೆರೆ ಎಳೆದು, ಅದು ಈ ವಾದಕ್ಕೆ ಏನು ಕೊಡುತ್ತದೆ ಎಂದು ಅಂಚಿನಲ್ಲಿ ಬರೆಯಿರಿ.

ಫೀನಾಯಿಲ್ ವಾಸನೆಯ ಎದುರು ಅಂಚು ಖಾಲಿ ಉಳಿಯುತ್ತದೆ, ಅದು ಹೋಗಲಿ. ‘ಗಿಜಿಗುಡುವ ಜನ’ ಎಂಬುದೂ ಹೋಗಲಿ, ಬದಲಿಗೆ ಎಷ್ಟು ಜನ, ಯಾವ ಹೊತ್ತಿಗೆ ಎಂಬುದು ಬರಲಿ. ಫ್ಯಾನಿನ ಸದ್ದನ್ನು ಮಾತ್ರ ಅವಸರದಲ್ಲಿ ಅಳಿಸಬೇಡಿ. ಅದರಿಂದಾಗಿ ಹಿಂದಿನ ಬೆಂಚಿನವರಿಗೆ ಕೂಗಿದ ಸಂಖ್ಯೆ ಕೇಳಿಸುತ್ತಿರಲಿಲ್ಲವೇ? ಸಂಖ್ಯೆಯ ಫಲಕವೂ ಅಲ್ಲಿಂದ ಕಾಣುತ್ತಿರಲಿಲ್ಲವೇ? ಟಿಪ್ಪಣಿಯಲ್ಲಿ ಹಾಗಿದ್ದರೆ ಹೀಗೆ ಬರೆಯಬಹುದು: ‘ಹಿಂದಿನ ಎರಡು ಬೆಂಚುಗಳಿಂದ ಫಲಕ ಕಾಣದು, ಫ್ಯಾನಿನ ಸದ್ದಿನಲ್ಲಿ ಕೂಗು ಕೇಳದು. ಅಲ್ಲಿ ಕುಳಿತವರು ನೋಡುವುದು ಸಹಾಯಕನ ಕೈಯನ್ನು.’ ಅದೇ ಫ್ಯಾನು, ಆದರೆ ಈಗ ಸಹಾಯಕನ ಅಧಿಕಾರ ಎಲ್ಲಿಂದ ಬಂತೆಂದು ತೋರಿಸುತ್ತಿದೆ.

ಟಿಪ್ಪಣಿಯಲ್ಲಿ ಇಲ್ಲದಿದ್ದರೆ ಮತ್ತೆ ಹೋಗಿ ಆ ಬೆಂಚಿನಲ್ಲಿ ಕುಳಿತು ನೋಡಿ. ಹೋಗಲಾಗದಿದ್ದರೆ ಆ ವಾಕ್ಯ ಬೇಡ. ವಾದಕ್ಕೆ ಒಪ್ಪುತ್ತದೆಂದು ನೆನಪು ತಾನಾಗಿ ಹುಟ್ಟಿಸಿದ ವಿವರ, ವಾಸನೆಯ ವರ್ಣನೆಗಿಂತ ಕೆಟ್ಟದ್ದು.

ಇಲ್ಲಿ ಇನ್ನೊಂದು ತಪ್ಪಾಗುತ್ತದೆ. ಈ ಜರಡಿ ಹಿಡಿದವರು ವಾದಕ್ಕೆ ಅಡ್ಡ ಬರುವುದನ್ನೂ ಸೋಸಿಬಿಡುತ್ತಾರೆ. ಸಹಾಯಕ ಬಾಗಿಲಲ್ಲಿದ್ದೂ ಟೋಕನ್ ಪ್ರಕಾರವೇ ಸರದಿ ನಡೆದ ದಿನ ನಿಮ್ಮ ಟಿಪ್ಪಣಿಯಲ್ಲಿದ್ದರೆ ಅದು ವರ್ಣನೆಯಲ್ಲಿ ಇರಲೇಬೇಕು. ಅಂದು ಜನ ಕಡಿಮೆಯಿದ್ದರೇ, ಹಿಂದಿನ ಬೆಂಚುಗಳು ಖಾಲಿಯಿದ್ದವೇ ಎಂದು ನೋಡಿ; ನಿಮ್ಮ ವಾದ ಎಲ್ಲಿಯವರೆಗೆ ನಿಲ್ಲುತ್ತದೆಂದು ಆ ದಿನವೇ ಹೇಳುತ್ತದೆ.

‘ದಟ್ಟ ವಿವರಣೆ’ ಎಂದರೆ ವಿವರ ಹೆಚ್ಚಿದ್ದಷ್ಟೂ ಒಳ್ಳೆಯದು ಅಲ್ಲವೇ?

ಅಲ್ಲ. ಕಾರ್ಯಾಗಾರಗಳಲ್ಲಿ ಇದನ್ನು ಹೀಗೆ ಹೇಳಿಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತತ್ವಜ್ಞಾನಿ ಗಿಲ್ಬರ್ಟ್ ರೈಲ್ ಅವರಿಂದ ಈ ಪದವನ್ನು ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1973ರಲ್ಲಿ ಎತ್ತಿಕೊಂಡಾಗ ಕೊಟ್ಟ ಉದಾಹರಣೆಯೇ ಕಣ್ಣು ಮಿಟುಕಿಸುವುದು: ರೆಪ್ಪೆ ಅದುರುವುದೂ ಕಣ್ಣು ಹೊಡೆಯುವುದೂ ನೋಟಕ್ಕೆ ಒಂದೇ, ಅರ್ಥ ಬೇರೆ. ದಟ್ಟ ವಿವರಣೆ ಹಿಡಿಯಬೇಕಾದ್ದು ಆ ಅರ್ಥವನ್ನು. ರೆಪ್ಪೆಯ ಕೂದಲು ಎಣಿಸಿದರೆ ಆ ವ್ಯತ್ಯಾಸ ಸಿಗದು.

ನಾನು ಅಲ್ಲಿಗೆ ಬಂದಿಳಿದ ದಿನದಿಂದಲೇ ಶುರು ಮಾಡಬಹುದೇ?

ಅಂದು ನಿಮ್ಮನ್ನೂ ಸಹಾಯಕ ಕಾಯಿಸಿದ್ದರೆ ಮಾಡಿ.

ಸ್ಥಳದ ವರ್ಣನೆ ಎಷ್ಟು ಪುಟ ಇರಬೇಕು?

ಅಂಚಿನಲ್ಲಿ ಉತ್ತರ ಬರೆಯಲಾದಷ್ಟು.