ಪಣ ಚಿಕ್ಕದಾದರೆ ನಷ್ಟವೂ ಚಿಕ್ಕದಾಗುತ್ತದೆಯೇ?

ಪ್ರಶ್ನೆ: ವರ್ಷಕ್ಕೆರಡು ಸಲ ಗೆಳೆಯರ ಜೊತೆ ಗೋವಾಕ್ಕೆ ಹೋಗುತ್ತೇನೆ. ಕ್ಯಾಸಿನೊದಲ್ಲಿ ರೂಲೆಟ್ ಆಡಲು 10,000 ರೂಪಾಯಿ ಮಾತ್ರ ತೆಗೆದಿಡುತ್ತೇನೆ. ಪ್ರತಿ ಸಲ ಕೆಂಪಿನ ಮೇಲೆ ಹಾಕುವುದು 200 ರೂಪಾಯಿ, ಅದಕ್ಕಿಂತ ಜಾಸ್ತಿ ಇಲ್ಲ. ಇಷ್ಟು ಶಿಸ್ತಿದ್ದರೆ ನಿಧಾನಕ್ಕಾದರೂ ಲಾಭಕ್ಕೆ ಬರಬಹುದು ಅಲ್ವಾ?

ಉತ್ತರ: ಶಿಸ್ತಿನಿಂದ ಲಾಭ ಬರುವುದಿಲ್ಲ. ಆದರೆ 10,000ದ ಮಿತಿಯನ್ನು ಖಂಡಿತ ಬಿಡಬೇಡಿ. ಮನೆಯ ದುಡ್ಡನ್ನು ಕಾಯುತ್ತಿರುವುದು ಅದೇ. ಅದು ಕಾಯುವುದು ನಿಮ್ಮ ಜೇಬನ್ನು, ಚಕ್ರದ ಲೆಕ್ಕವನ್ನು ಬದಲಿಸುವುದಿಲ್ಲ.

ಒಂದೇ ಸೊನ್ನೆಯ ಚಕ್ರವನ್ನು ನೋಡಿ. 18 ಕೆಂಪು ಮನೆ, 18 ಕಪ್ಪು, ಒಂದು ಹಸಿರು ಸೊನ್ನೆ, ಒಟ್ಟು 37. ಕೆಂಪು ಬಂದರೆ ಹಾಕಿದಷ್ಟೇ ಲಾಭ. ಸರಾಸರಿಯಲ್ಲಿ 37 ಸುತ್ತಿಗೆ ನೀವು 18 ಸಲ ಗೆದ್ದು 3,600 ಪಡೆಯುತ್ತೀರಿ, 19 ಸಲ ಸೋತು 3,800 ಕೊಡುತ್ತೀರಿ. ಆ 200 ರೂಪಾಯಿ ಸೊನ್ನೆಯ ಪಾಲು. ಪಣವನ್ನು 20 ರೂಪಾಯಿಗೆ ಇಳಿಸಿದರೂ 2,000ಕ್ಕೆ ಏರಿಸಿದರೂ ಹಾಕಿದ ಮೊತ್ತದ 37ರಲ್ಲಿ ಒಂದು ಪಾಲು ಹೋಗುತ್ತಲೇ ಇರುತ್ತದೆ.

ಹೆಚ್ಚಿನವರು ತಪ್ಪುವುದು ಎಲ್ಲಿ ಅಂದರೆ, ಈ ಪಾಲನ್ನು ಜೇಬಿನಲ್ಲಿರುವ 10,000ದ ಮೇಲೆ ಲೆಕ್ಕ ಹಾಕುತ್ತಾರೆ. ಅದು ಬೀಳುವುದು ಮೇಜಿನ ಮೇಲೆ ಓಡಾಡಿದ ಒಟ್ಟು ಪಣದ ಮೇಲೆ. ಒಂದು ರಾತ್ರಿಗೆ 200 ಸುತ್ತು ಆಡಿದರೆ ಒಟ್ಟು ಪಣ 40,000. ಸರಾಸರಿ ನಷ್ಟ ಸುಮಾರು 1,080. ಹಾಗಂತ ಪ್ರತಿ ರಾತ್ರಿಯೂ ಸೋಲುವುದಿಲ್ಲ. ಸುಮಾರು ಮೂರರಲ್ಲಿ ಒಂದು ರಾತ್ರಿ ಲಾಭದಲ್ಲೇ ಏಳುತ್ತೀರಿ. ಆ ರಾತ್ರಿಗಳೇ ನೆನಪಿನಲ್ಲಿ ಉಳಿದು, ನನ್ನ ಪದ್ಧತಿ ಕೆಲಸ ಮಾಡುತ್ತಿದೆ ಅನ್ನಿಸುವುದು.

10,000ವನ್ನು 20,000 ಮಾಡಿಕೊಂಡೇ ಏಳುತ್ತೇನೆ, ಇಲ್ಲ ಪೂರ್ತಿ ಕಳೆದುಕೊಳ್ಳುತ್ತೇನೆ ಎಂದು ಕೂತರೆ ಏನಾಗುತ್ತದೆ? ಎಲ್ಲವನ್ನೂ ಒಂದೇ ಸಲ ಕೆಂಪಿನ ಮೇಲೆ ಇಟ್ಟರೆ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 49. ನಿಮ್ಮ ಹಾಗೆ 200ರಂತೆ ಜಾಗ್ರತೆಯಿಂದ ಆಡಿದರೆ ಅದು ನೂರಕ್ಕೆ ಸುಮಾರು 6ಕ್ಕೆ ಇಳಿಯುತ್ತದೆ! ಪಣ ಚಿಕ್ಕದಾದಷ್ಟೂ ಸುತ್ತು ಜಾಸ್ತಿ, ಸುತ್ತು ಜಾಸ್ತಿಯಾದಷ್ಟೂ ಸೊನ್ನೆಗೆ ಪಾಲು ಜಾಸ್ತಿ. ಒಂದೇ ಸಲ ಇಡಿ ಎಂದು ಹೇಳುತ್ತಿಲ್ಲ. ಅಲ್ಲೂ ಸರಾಸರಿ 270 ರೂಪಾಯಿ ನಷ್ಟವೇ.

ಉಳಿದ ಹಣದ ನೂರಕ್ಕೆ ಎರಡರಷ್ಟೇ ಹಾಕುವ ಪದ್ಧತಿಯೂ ಇದೆ. ಅದರಲ್ಲಿ ದುಡ್ಡು ಬೇಗ ಖಾಲಿಯಾಗುವುದಿಲ್ಲ, ಆದರೆ ಕರಗುತ್ತಾ ಹೋಗುತ್ತದೆ. ಪಣ ಎಷ್ಟಿರಬೇಕು ಎಂಬುದಕ್ಕೆ 1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಒಂದು ಸೂತ್ರ ಕೊಟ್ಟರು. ಸಮ ಲಾಭದ ಪಣಕ್ಕೆ ಅದು ತುಂಬಾ ಸರಳ: ಗೆಲ್ಲುವ ಸಾಧ್ಯತೆಯಿಂದ ಸೋಲುವ ಸಾಧ್ಯತೆಯನ್ನು ಕಳೆಯಿರಿ. ಇಲ್ಲಿ 18/37 − 19/37 = −1/37. ಉತ್ತರ ಸೊನ್ನೆಗಿಂತ ಕೆಳಗೆ ಬಂದರೆ ಸರಿಯಾದ ಪಣ ಸೊನ್ನೆ ರೂಪಾಯಿ.

ಮುಂದಿನ ಸಲ ಹೋದಾಗ ಎಷ್ಟು ಸುತ್ತು ಆಡಿದಿರಿ ಎಂದು ಮೊಬೈಲಿನಲ್ಲಿ ಬರೆದಿಡಿ. ಅದನ್ನು 200ರಿಂದ ಗುಣಿಸಿ, 37ರಿಂದ ಭಾಗಿಸಿ. ಬರುವ ಮೊತ್ತ ಆ ಸಂಜೆಯ ಟಿಕೆಟ್ ದರ. ಅಷ್ಟು ಕೊಡಲು ಖುಷಿಯಿದ್ದರೆ ಆಡಿ. ಕೊಟ್ಟದ್ದನ್ನು ವಾಪಸ್ ಪಡೆಯಲು ಎಟಿಎಂ ಕಡೆ ಕಾಲು ಹೊರಟರೆ, ನಿಮ್ಮ 10,000ದ ಮಿತಿ ಮುರಿದುಹೋಗಿದೆ ಎಂದೇ ಅರ್ಥ.