ರಿಬ್ಬನ್ ಹೂವು ಕುಗ್ಗುವುದು ಬಟ್ಟೆಯ ಹಿಂಬದಿಯಿಂದ

"ಸಿಲ್ಕ್ ರಿಬ್ಬನ್‌ನಲ್ಲಿ ಬ್ಲೌಸಿನ ತೋಳಿಗೆ ಗುಲಾಬಿ ಹಾಕುತ್ತಿದ್ದೇನೆ. ಸೂಜಿಗೆ ಪೋಣಿಸಿದ ಕೂಡಲೇ ರಿಬ್ಬನ್ ತಿರುಚಿಕೊಳ್ಳುತ್ತೆ. ಎರಡು ಸಲ ಹಾಕಿಕೊಂಡ ಮೇಲೆ ಹೂವೂ ಚಪ್ಪಟೆ. ಇನ್ನೂ ಅಗಲದ ರಿಬ್ಬನ್ ತಗೊಳ್ಳಲಾ? ತುದಿಯನ್ನು ಮೇಣದಬತ್ತಿಗೆ ಹಿಡಿದು ಸುಟ್ಟು, ಅಂಟು ಹಾಕಿದರೆ ನಿಲ್ಲುತ್ತಾ?"

ಅಗಲದ ರಿಬ್ಬನ್ ಬೇಡ, ಮೇಣದಬತ್ತಿಯೂ ಬೇಡ. ಮೊದಲು ಆ ತೋಳನ್ನು ಒಳಮೈ ಹೊರಗೆ ಮಾಡಿ ನೋಡಿ. ಲೈನಿಂಗ್ ಇದ್ದರೆ ಒಂದು ಕಡೆ ಹೊಲಿಗೆ ಬಿಚ್ಚಿ. ಒಂದು ಹೂವಿನಿಂದ ಪಕ್ಕದ ಹೂವಿಗೆ ಹಿಂದಿನಿಂದಲೇ ರಿಬ್ಬನ್ ದಾಟಿ ಹೋಗಿದೆಯಾ? ಹೋಗಿದ್ದರೆ ತೊಂದರೆ ಅಲ್ಲೇ ಇದೆ.

ನಾನು ಚಿಕ್ಕಮಗಳೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮೂಡಿಗೆರೆ ಕಡೆಯ ತೋಟದ ಮನೆಯವರೊಬ್ಬರು ಮಗಳ ಮದುವೆಗೆ ಅಂತ ತಮಗೊಂದು ರೇಷ್ಮೆ ಬ್ಲೌಸ್ ಕೊಟ್ಟಿದ್ದರು. ತೋಳಿನ ಅಂಚಿಗೆ ಸಾಲಾಗಿ ಗುಲಾಬಿ ಬೇಕು ಅಂದರು. ಇಲ್ಲಿನ ಫ್ಯಾನ್ಸಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಸ್ಯಾಟಿನ್ ರಿಬ್ಬನ್. ಸಿಲ್ಕ್ ರಿಬ್ಬನ್ ತರಿಸಿಕೊಳ್ಳಬೇಕು, ಬೆಲೆ ಜಾಸ್ತಿ. ಅದಕ್ಕೇ ನಾನು ಉಳಿತಾಯ ಮಾಡಲು ಹೋದೆ. ಒಂದು ಗುಲಾಬಿ ಮುಗಿದ ಮೇಲೆ ರಿಬ್ಬನ್ ಕತ್ತರಿಸಲಿಲ್ಲ. ಸೂಜಿಯನ್ನು ಹಿಂದಕ್ಕೆ ಇಳಿಸಿ, ಎರಡು ಬೆರಳಷ್ಟು ದೂರ ಎಳೆದು, ಅದೇ ರಿಬ್ಬನ್‌ನಲ್ಲಿ ಮುಂದಿನ ಹೂವು ಶುರು ಮಾಡಿದೆ. ಹಿಂದೆ ಜೋಲಾಡಬಾರದು ಅಂತ ಸ್ವಲ್ಪ ಬಿಗಿಯಾಗಿಯೇ ಎಳೆದೆ. ರೇಷ್ಮೆಯ ಮೇಲೆ ಎಂಬ್ರಾಯ್ಡರಿ ರಿಂಗಿನ ಗುರುತು ಬೀಳುತ್ತದೆ ಅಂತ ರಿಂಗನ್ನೂ ಸಡಿಲವಾಗಿ ಕಟ್ಟಿದ್ದೆ. ಕೊಡುವಾಗ ಒಂದೊಂದು ಹೂವೂ ಎದ್ದು ನಿಂತಿತ್ತು.

ಮದುವೆ ಮುಗಿಸಿ ಬಂದವರು ತೋಳನ್ನು ನನ್ನ ಮುಂದೆ ಹರಡಿ, "ಅಲ್ಲ ಕಣಮ್ಮಾ, ಅರಳಿದ ಹೂವೆಲ್ಲ ಮತ್ತೆ ಮೊಗ್ಗಾಗಿದೆಯಲ್ಲ" ಅಂದರು. ನಿಜ. ಪ್ರತಿ ಗುಲಾಬಿಯ ಹೊರಸುತ್ತು ಒಳಗೆ ಎಳೆದುಕೊಂಡಿತ್ತು. ಅಂಚಿನಲ್ಲಿ ಕೆಳಗಿನ ದಾರ ಕಾಣುತ್ತಿತ್ತು.

ನಾನೂ ನಿಮ್ಮ ಹಾಗೆಯೇ ರಿಬ್ಬನ್ ಮೇಲೆ ಅನುಮಾನ ಪಟ್ಟೆ. 4 ಮಿಲಿಮೀಟರ್ ಸಾಲಲಿಲ್ಲ ಅಂದುಕೊಂಡು 7 ಮಿಲಿಮೀಟರಿನದು ತರಿಸಿ, ನನ್ನದೇ ಖರ್ಚಿನಲ್ಲಿ ಒಂದು ತೋಳು ಪೂರ್ತಿ ಹೊಸದಾಗಿ ಹಾಕಿದೆ. ಹಾಕಿಕೊಂಡು ನೋಡಿ ಅಂತ ಕೊಟ್ಟೆ. ಅದೂ ಹಾಗೇ ಕುಗ್ಗಿತು. ಆಮೇಲೆ ಲೈನಿಂಗ್ ಬಿಚ್ಚಿ, ತೋಳನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಗಲಿಸಿದೆ. ಆಗ ಕಣ್ಣಿಗೇ ಕಂಡಿತು. ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ಹಿಂದೆ ದಾಟಿದ ರಿಬ್ಬನ್ ಹಿಗ್ಗುವುದಿಲ್ಲ. ಅದಕ್ಕೆ ಬೇಕಾದ ಉದ್ದ ಎಲ್ಲಿಂದಲಾದರೂ ಬರಬೇಕಲ್ವಾ? ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಬರುತ್ತದೆ. ಸಡಿಲ ಇರುವುದು ಹೂವಿನ ಕೊನೆಯ ಸುತ್ತಿನಲ್ಲಿ. ದಪ್ಪ ಸೂಜಿ ಮಾಡಿದ ತೂತು ದೊಡ್ಡದು, ರೇಷ್ಮೆ ನುಣುಪು. ಹಾಗಾಗಿ ರಿಬ್ಬನ್ ಸಲೀಸಾಗಿ ಹಿಂದಕ್ಕೆ ಜಾರುತ್ತದೆ. ಕೈ ಎತ್ತಿದಾಗೆಲ್ಲ ಒಂದಿಷ್ಟು ಹೋಗುತ್ತದೆ, ಕೈ ಇಳಿಸಿದಾಗ ವಾಪಸ್ ಬರುವುದಿಲ್ಲ. ಮದುವೆ ಮನೆಯಲ್ಲಿ ಹೆಣ್ಣಿನ ತಾಯಿ ಎಷ್ಟು ಸಲ ಕೈ ಎತ್ತುತ್ತಾಳೆ, ನೀವೇ ಯೋಚಿಸಿ. ಅಗಲದ ರಿಬ್ಬನ್ ಹಾಕಿದರೆ ತೂತು ಇನ್ನೂ ದೊಡ್ಡದಾಗಬೇಕು. ಅದಕ್ಕೇ ಅಗಲ ಮಾಡಿದ್ದರಿಂದ ಏನೂ ಸುಧಾರಿಸಲಿಲ್ಲ.

ಎರಡೂ ತೋಳು ಬಿಚ್ಚಿ ಮತ್ತೆ ಹಾಕಿಕೊಟ್ಟೆ. ರಿಬ್ಬನ್ ದುಡ್ಡು ಹೋಗಿದ್ದಕ್ಕಿಂತ ಅವರ ಮದುವೆ ಫೋಟೋಗಳಲ್ಲೆಲ್ಲ ಆ ಕುಗ್ಗಿದ ಹೂವೇ ಇದೆಯಲ್ಲ ಅನ್ನುವುದು ಇವತ್ತಿಗೂ ಬೇಸರ. ಅಂದಿನಿಂದ ಒಂದು ಹೂವಿಗೆ ಒಂದು ಆರಂಭ, ಒಂದು ಮುಕ್ತಾಯ. ಪಕ್ಕದ ಹೂವು ಎಷ್ಟೇ ಹತ್ತಿರ ಇದ್ದರೂ ನಾನು ರಿಬ್ಬನ್ ದಾಟಿಸುವುದಿಲ್ಲ. ಒಂದು ಇಂಚಿನೊಳಗೆ ಇದ್ದರೆ ದಾಟಿಸಬಹುದು ಅನ್ನುವವರಿದ್ದಾರೆ. ಗೋಡೆಗೆ ಹಾಕುವ ಚಿತ್ರಕ್ಕೆ ಅದು ಸರಿ. ಮೈಮೇಲೆ ಹಾಕುವ ಬಟ್ಟೆಗೆ ನಾನು ಒಪ್ಪುವುದಿಲ್ಲ.

ಈಗ ಪೋಣಿಸುವ ವಿಷಯ. ರಿಬ್ಬನ್ ತುಂಡು 30ರಿಂದ 35 ಸೆಂಟಿಮೀಟರ್ ಸಾಕು, ಒಂದು ಮೊಳ ದಾಟಲೇಬಾರದು. ಉದ್ದ ಇದ್ದಷ್ಟೂ ಅದು ಬಟ್ಟೆಯೊಳಗೆ ಉಜ್ಜಿ ಉಜ್ಜಿ ಅಂಚು ಎಳೆ ಬಿಡುತ್ತದೆ, ತಿರುಚುವುದೂ ಜಾಸ್ತಿ. ಸೂಜಿ ಶೆನೀಲ್ ಸೂಜಿಯೇ ಆಗಬೇಕು, ಅಂದರೆ ಉದ್ದ ಕಣ್ಣು, ಚೂಪು ಮೊನೆ. 4 ಮಿಲಿಮೀಟರ್ ರಿಬ್ಬನ್‌ಗೆ 20 ಅಥವಾ 22ನೇ ನಂಬರ್, 7 ಮಿಲಿಮೀಟರಿಗೆ 18. ನಂಬರ್ ಚಿಕ್ಕದಾದಷ್ಟೂ ಸೂಜಿ ದಪ್ಪ. ಸಣ್ಣ ಸೂಜಿ ಹಾಕಿದರೆ ರಿಬ್ಬನ್ ಕಣ್ಣಲ್ಲೇ ಮುದುಡುತ್ತದೆ, ಬಟ್ಟೆಯ ತೂತಿನಲ್ಲಿ ಇನ್ನೊಮ್ಮೆ ಮುದುಡುತ್ತದೆ. ಆಮೇಲೆ ನೀವು ಏನು ಮಾಡಿದರೂ ಅದು ಹರಡಿಕೊಳ್ಳುವುದಿಲ್ಲ.

ತುದಿಯನ್ನು ಓರೆಯಾಗಿ ಕತ್ತರಿಸಿ ಕಣ್ಣಿನಲ್ಲಿ ತೂರಿಸಿ, ಒಂದೆರಡು ಇಂಚು ಹೊರಗೆ ಎಳೆಯಿರಿ. ಈಗ ಆ ತುದಿಯಿಂದ ಸುಮಾರು ಅರ್ಧ ಸೆಂಟಿಮೀಟರ್ ಒಳಗೆ, ರಿಬ್ಬನ್‌ನ ನಟ್ಟನಡುವೆ, ಅದೇ ಸೂಜಿಯ ಮೊನೆ ಚುಚ್ಚಿ. ಚುಚ್ಚಿದ ತುದಿಯನ್ನು ಸೂಜಿಯ ಮೇಲೆ ಕಣ್ಣಿನ ತನಕ ಜಾರಿಸಿ, ಉದ್ದದ ಕಡೆ ಹಿಡಿದು ಎಳೆಯಿರಿ. ಕಣ್ಣಿನ ಬುಡದಲ್ಲಿ ಚಿಕ್ಕದಾಗಿ ಲಾಕ್ ಆಗಿ ಕೂರುತ್ತದೆ. ದಾರ ಪೋಣಿಸಿದ ಹಾಗೆ ಒಂದು ಗೇಣು ಬಾಲ ಬಿಟ್ಟರೆ ಪ್ರತಿ ಹೊಲಿಗೆಯಲ್ಲೂ ಎರಡು ಪದರ ತೂತಿನಲ್ಲಿ ಹೋಗುತ್ತದೆ, ಒಂದರ ಮೇಲೊಂದು ಹೊರಳಿ ತಿರುಚುತ್ತದೆ. ನಿಮ್ಮ ರಿಬ್ಬನ್ ಪೋಣಿಸಿದ ಕೂಡಲೇ ತಿರುಚುವುದು ಬಹುಶಃ ಇದರಿಂದಲೇ.

ಇನ್ನೊಂದು ಕಾರಣ ನಮ್ಮ ಬೆರಳು. ಎಳೆಯುವಾಗ ಗೊತ್ತಾಗದ ಹಾಗೆ ಸೂಜಿಯನ್ನು ಪ್ರತಿ ಸಲ ಸ್ವಲ್ಪ ಸುತ್ತಿಸುತ್ತೇವೆ. ನಾಲ್ಕಾರು ಹೊಲಿಗೆಗೊಮ್ಮೆ ಸೂಜಿಯನ್ನು ಕೈಬಿಟ್ಟು ಕೆಳಗೆ ಜೋತುಬಿಡಿ, ಅದೇ ತಿರುಗಿ ಸರಿಯಾಗುತ್ತದೆ. ಎಸಳು ಚಪ್ಪಟೆಯಾಗಿ ಕೂರಬೇಕಾದ ಕಡೆ ಎಡಗೈಯಲ್ಲಿ ಇನ್ನೊಂದು ದಪ್ಪ ಸೂಜಿ ಹಿಡಿದು ರಿಬ್ಬನ್‌ನ ಅಡಿಗೆ ಕೊಡಿ. ರಿಬ್ಬನ್ ಅದರ ಮೇಲೆ ಹರಡಿಕೊಂಡೇ ಇಳಿಯಲಿ. ಕೊನೆಯ ಘಳಿಗೆಯಲ್ಲಿ ಸೂಜಿ ತೆಗೆಯಿರಿ.

ಆದರೆ ಗುಲಾಬಿಗೆ ಒಂದು ತಿರುವೂ ಇರಬಾರದು ಅನ್ನುವ ನಿಮ್ಮ ಆಸೆ ಬಿಡಿ. ಚಕ್ರದ ಅರಗಳ ಹಾಗೆ ದಾರದ ಐದು ಕಡ್ಡಿ ಹಾಕಿ, ರಿಬ್ಬನ್ ಅನ್ನು ಒಂದರ ಮೇಲೆ ಒಂದರ ಕೆಳಗೆ ಸುತ್ತುವ ಗುಲಾಬಿಯಲ್ಲಿ ಅಲ್ಲಲ್ಲಿ ತಿರುಚಿದರೇನೇ ಎಸಳು ಮಡಚಿದ ಹಾಗೆ ಕಾಣುವುದು. ನಡುವಿನ ಸುತ್ತುಗಳಲ್ಲಿ ನಾನು ಬೇಕೆಂದೇ ತಿರುಚುತ್ತೇನೆ, ಹೊರಸುತ್ತಿನಲ್ಲಿ ಹರಡುತ್ತೇನೆ. ಕಡ್ಡಿಗಳನ್ನು ಎರಡೆಳೆ ಎಂಬ್ರಾಯ್ಡರಿ ದಾರದಲ್ಲಿ ಹಾಕಿ. ಅವು ಬೆಸ ಸಂಖ್ಯೆಯಲ್ಲೇ ಇರಬೇಕು. ಸಮ ಸಂಖ್ಯೆ ಆದರೆ ಎರಡನೇ ಸುತ್ತಿಗೆ ಮೇಲೆ ಬಂದಲ್ಲೇ ಮೇಲೆ, ಕೆಳಗೆ ಬಂದಲ್ಲೇ ಕೆಳಗೆ ಬಂದು ಹೆಣಿಗೆ ಹಿಡಿಯುವುದಿಲ್ಲ. ಸುತ್ತು ಬಿಗಿಯಾಗಿ ಎಳೆಯಬೇಡಿ. ಕಡ್ಡಿ ಕಾಣದ ಹಾಗೆ ತುಂಬುವ ತನಕ ಸುತ್ತಿ, ಅರ್ಧಕ್ಕೆ ನಿಲ್ಲಿಸಿದರೆ ಹೊಸತರಲ್ಲೇ ಹೂವು ಬಡವಾಗಿ ಕಾಣುತ್ತದೆ.

ತುದಿ ಭದ್ರ ಮಾಡುವುದಕ್ಕೆ ಬೆಂಕಿ ಯಾಕೆ ಆಗುವುದಿಲ್ಲ ಅಂದರೆ, ಕರಗಿ ಸೀಲ್ ಆಗುವುದು ಪಾಲಿಯೆಸ್ಟರ್ ಸ್ಯಾಟಿನ್. ರೇಷ್ಮೆ ಕರಗುವುದಿಲ್ಲ, ಕೂದಲು ಸುಟ್ಟ ವಾಸನೆ ಬಂದು ಕರಿ ಬೂದಿಯಾಗಿ ಉದುರುತ್ತದೆ. ಒಂದು ಚೂರು ಕತ್ತರಿಸಿ, ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿ. ಗಟ್ಟಿ ಮಣಿ ಹಾಗೆ ಉಂಡೆಕಟ್ಟಿದರೆ ನಿಮಗೆ ಸಿಲ್ಕ್ ಅಂತ ಮಾರಿದ್ದು ಪಾಲಿಯೆಸ್ಟರ್. ಅಂಟು ಅಂತೂ ಬೇಡವೇ ಬೇಡ. ಹಿಂದೆ ಹಚ್ಚಿದ್ದು ರೇಷ್ಮೆಯಲ್ಲಿ ಹೀರಿಕೊಂಡು ಮುಂದೆ ಕಲೆಯಾಗಿ ಬರುತ್ತದೆ, ಒಣಗಿದ ಮೇಲೆ ಎಸಳು ಒರಟಾಗುತ್ತದೆ.

ಶುರುವಿಗೆ ಗಟ್ಟಿ ಗಂಟೂ ಹಾಕಬೇಡಿ. ರಿಬ್ಬನ್‌ನ ಬಾಲದ ತುದಿಯನ್ನು ಅರ್ಧ ಸೆಂಟಿಮೀಟರಿನಷ್ಟು ಮಡಚಿ, ಎರಡೂ ಪದರ ಸೇರಿಸಿ ನಟ್ಟನಡುವೆ ಸೂಜಿ ಚುಚ್ಚಿ, ಪೂರ್ತಿ ಎಳೆಯಿರಿ. ಮೆತ್ತನೆಯ, ಚಪ್ಪಟೆ ಗಂಟು ಬರುತ್ತದೆ. ಹೂವಿನ ಕೆಳಗೆ ಉಬ್ಬುವುದಿಲ್ಲ, ತೂತಿನಲ್ಲಿ ಜಾರಿ ಮುಂದಕ್ಕೂ ಬರುವುದಿಲ್ಲ.

ಮುಗಿಸುವಾಗ ಸೂಜಿಯನ್ನು ಹೂವಿನ ಕೆಳಗೇ ಹಿಂದಕ್ಕೆ ಇಳಿಸಿ. ಇಲ್ಲಿ ಎಳೆಯುವ ಆತುರ ಬೇಡ. ಹೊರಸುತ್ತು ಮುಂದಿನಿಂದ ಹೇಗೆ ಬೇಕೋ ಹಾಗೆ ಕಂಡ ತಕ್ಷಣ ನಿಲ್ಲಿಸಿ. ಹಿಂದೆ ಒಂದು ಸೆಂಟಿಮೀಟರ್ ಬಿಟ್ಟು ಓರೆಯಾಗಿ ಕತ್ತರಿಸಿ. ಆ ಬಾಲವನ್ನು ಅದೇ ಹೂವಿನ ಹಿಂಬದಿಗೆ ಮಡಚಿ, ಬಟ್ಟೆಯ ಬಣ್ಣದ ಒಂದೆಳೆ ದಾರ ಮತ್ತು ಸಣ್ಣ ಸೂಜಿಯಿಂದ ಎರಡು ಮೂರು ಹೊಲಿಗೆ ಹಾಕಿ. ಹೊಲಿಗೆ ಬಾಲವನ್ನೂ ಹಿಂದಿನ ಬಟ್ಟೆಯನ್ನೂ ಮಾತ್ರ ಹಿಡಿಯಬೇಕು. ಮುಂಬದಿಯ ಎಸಳಿಗೆ ಸೂಜಿ ತಾಗಿದರೆ ಆ ಎಸಳು ಅಲ್ಲೇ ಒತ್ತಿ ಕೂರುತ್ತದೆ, ಹಾಗಾಗಿ ಪ್ರತಿ ಹೊಲಿಗೆಗೂ ತಿರುಗಿಸಿ ನೋಡಿ. ಹೂವು ಮುಗಿಯುವ ಮೊದಲೇ ರಿಬ್ಬನ್ ಮುಗಿದರೂ ಇದೇ ಕ್ರಮ. ಹಳೆಯದನ್ನು ಹೀಗೆ ಹಿಡಿಸಿ, ಹೊಸ ತುಂಡನ್ನು ಒಂದು ಎಸಳಿನ ಅಡಿಯಿಂದ ಎತ್ತಿ.

ಈಗಾಗಲೇ ಚಪ್ಪಟೆಯಾದ ಹೂವಿಗೆ ಏನು ಮಾಡುವುದು? ಇಸ್ತ್ರಿ ಪೆಟ್ಟಿಗೆಯ ಹಬೆಯನ್ನು ಮುಟ್ಟಿಸದೆ ಮೇಲಿನಿಂದ ತೋರಿಸಿ, ಸೂಜಿಯ ಹಿಂಭಾಗದಿಂದ ಎಸಳು ಎತ್ತಿ. ಎದ್ದು ನಿಂತರೆ ಅದು ಬಟ್ಟೆ ಪೆಟ್ಟಿಗೆಯಲ್ಲಿ ಮಡಚಿಟ್ಟು ಒತ್ತಿದ್ದು ಅಥವಾ ಮೇಲಿನಿಂದ ಇಸ್ತ್ರಿ ಮಾಡಿದ್ದು. ಇನ್ನು ಮೇಲೆ ದಪ್ಪ ಟರ್ಕಿ ಟವೆಲ್ ಮೇಲೆ ಹೂವು ಕೆಳಗೆ ಮಾಡಿ, ಹಿಂಬದಿಯಿಂದ, ಹೂವಿನ ಸುತ್ತ ಮಾತ್ರ ಇಸ್ತ್ರಿ ಮಾಡಿ. ಎಸಳು ಎತ್ತಿದಾಗ ಪಕ್ಕದ ಹೂವು ಇನ್ನಷ್ಟು ಒಳಗೆ ಹೋದರೆ, ಇಲ್ಲವೇ ಮಧ್ಯದ ಬಟ್ಟೆ ಸುಕ್ಕುಗಟ್ಟಿದರೆ, ಹಿಂದೆ ರಿಬ್ಬನ್ ದಾಟಿದೆ ಅಂತಲೇ ಅರ್ಥ. ಅದಕ್ಕೆ ಹಬೆ ಕೆಲಸ ಮಾಡುವುದಿಲ್ಲ. ದಾಟಿದ ಪಟ್ಟಿಯನ್ನು ನಡುವೆ ಕತ್ತರಿಸಿ, ಸಿಕ್ಕಷ್ಟು ರಿಬ್ಬನ್ ಮೆಲ್ಲಗೆ ಮುಂದಕ್ಕೆ ತಳ್ಳಿ ಹೊರಸುತ್ತು ತುಂಬಿಸಿ. ಹಿಂದೆ ಉಳಿದ ಎರಡೂ ಬಾಲಗಳನ್ನು ಆಯಾ ಹೂವಿಗೇ ಒಂದೆಳೆ ದಾರದಲ್ಲಿ ಹೊಲಿದುಬಿಡಿ. ಎರಡು ಬೆರಳು ಅಂತರ ಇದ್ದ ಕಡೆ ಇಷ್ಟರಲ್ಲೇ ಹೂವು ಉಳಿಯುತ್ತದೆ, ಪೂರ್ತಿ ಬಿಚ್ಚುವ ಅಗತ್ಯ ಬರುವುದಿಲ್ಲ.